ಮೊದಲ ಲೆಕ್ಕ ತಪ್ಪಿದಾಗ ಮುಂದಿನ ಭಾಗಗಳಿಗೆ ಅಂಕ ಹಾಕುವುದು ಹೇಗೆ: ಫಿಸಿಕ್ಸ್ ಪತ್ರಿಕೆಗೆ ಕ್ಯಾರಿ-ಫಾರ್ವರ್ಡ್ ಮಾರ್ಗದರ್ಶಿ

ಐದು ಭಾಗಗಳ ಒಂದು ಲೆಕ್ಕ. ವಿದ್ಯಾರ್ಥಿ ಮೊದಲ ಭಾಗದಲ್ಲಿ 3 ಬರೆಯುವ ಕಡೆ 4 ಬರೆದಿದ್ದಾನೆ. ಅಲ್ಲಿಂದ ಮುಂದೆ ಅವನ ಸೂತ್ರ ಸರಿ, ಬೆಲೆ ಹಾಕಿದ್ದು ಸರಿ, ಯೂನಿಟ್ ಸರಿ. ಆದರೆ ಐದೂ ಉತ್ತರ ಕೀ ಉತ್ತರಕ್ಕೆ ಹೊಂದುವುದಿಲ್ಲ. ಇಂಥ ಪತ್ರಿಕೆ ಕೈಗೆ ಬಂದಾಗ ಮೌಲ್ಯಮಾಪನ ಎರಡು ರೀತಿಯಲ್ಲಿ ಕೆಡುತ್ತದೆ. ಕೆಲವರು ಐದು ಕಡೆಯೂ ಉತ್ತರದ ಅಂಕ ಕತ್ತರಿಸುತ್ತಾರೆ, ಅಂದರೆ ಒಂದೇ ತಪ್ಪಿಗೆ ಐದು ಸಲ ಶಿಕ್ಷೆ. ಇನ್ನು ಕೆಲವರು "ಮೆಥಡ್ ಸರಿ ಇದೆ" ಅಂತ ಲೆಕ್ಕ ನೋಡದೆ ಪೂರ್ತಿ ಅಂಕ ಹಾಕಿಬಿಡುತ್ತಾರೆ. ಆಗ ದಾರಿಯಲ್ಲಿ ಆದ ಎರಡನೇ, ಮೂರನೇ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಕ್ಯಾರಿ-ಫಾರ್ವರ್ಡ್ ಇವೆರಡರ ಮಧ್ಯದ ದಾರಿ. ತಪ್ಪಿಗೆ ಅದು ಆದ ಜಾಗದಲ್ಲಿ ಒಂದೇ ಸಲ ಅಂಕ ಕಳೆಯಬೇಕು. ಆಮೇಲೆ ಆ ತಪ್ಪು ಸಂಖ್ಯೆಯನ್ನೇ ಇಟ್ಟುಕೊಂಡು ಮುಂದಿನ ಭಾಗಗಳನ್ನು ನಾವೇ ಲೆಕ್ಕ ಮಾಡಿ, ವಿದ್ಯಾರ್ಥಿಯ ಉತ್ತರದ ಜೊತೆ ಹೋಲಿಸಬೇಕು. ಐಬಿ ಮತ್ತು ಕೇಂಬ್ರಿಡ್ಜ್ ಮಾರ್ಕ್ ಸ್ಕೀಮ್‌ಗಳಲ್ಲಿ ಇದಕ್ಕೆ ಇಸಿಎಫ್, ಅಂದರೆ ಎರರ್ ಕ್ಯಾರೀಡ್ ಫಾರ್ವರ್ಡ್ ಅಂತಾರೆ. ನಮ್ಮ ಪಿಯು ಕಾಲೇಜುಗಳಲ್ಲಿ ಸ್ಟೆಪ್ ಮಾರ್ಕ್ಸ್ ಎಲ್ಲರಿಗೂ ರೂಢಿ. ಆದರೆ ಸ್ಟೆಪ್ ಮಾರ್ಕ್ಸ್ ಬೇರೆ, ಇದು ಬೇರೆ. ಸ್ಟೆಪ್ ಮಾರ್ಕ್ಸ್‌ನಲ್ಲಿ ಸೂತ್ರಕ್ಕೆ ಅಂಕ ಸಿಕ್ಕರೂ ಉತ್ತರದ ಅಂಕ ಹೋಗುತ್ತದೆ. ಕ್ಯಾರಿ-ಫಾರ್ವರ್ಡ್‌ನಲ್ಲಿ ಮುಂದಿನ ಭಾಗಗಳ ಉತ್ತರದ ಅಂಕವೂ ಉಳಿಯುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಬೋರ್ಡ್ ಪರೀಕ್ಷೆಯ ವ್ಯಾಲ್ಯುಯೇಷನ್‌ಗೆ ಕೂತಾಗ ಅಲ್ಲಿನ ಸ್ಕೀಮ್ ಮತ್ತು ಮುಖ್ಯ ಪರೀಕ್ಷಕರ ಸೂಚನೆಯೇ ಕೊನೆ ಮಾತು. ಈ ಮಾರ್ಗದರ್ಶಿ ಕಿರು ಪರೀಕ್ಷೆ, ಪ್ರಿಪರೇಟರಿಯಂತೆ ಸ್ಕೀಮ್ ನೀವೇ ಬರೆಯುವ ಕಡೆಗೆ.

## ಏನೇನು ಬೇಕು

ಪ್ರಶ್ನೆ ಪತ್ರಿಕೆ, ನೀವು ಕೈಯಾರೆ ಬಿಡಿಸಿದ ಪೂರ್ತಿ ಉತ್ತರ, ಕ್ಯಾಲ್ಕುಲೇಟರ್, ಸಾಧ್ಯವಿದ್ದರೆ ಒಂದು ಸ್ಪ್ರೆಡ್‌ಶೀಟ್. ಜೊತೆಗೆ ಒಂದು ಖಾಲಿ ಹಾಳೆ. ಮೌಲ್ಯಮಾಪನದ ನಡುವೆ ತೆಗೆದುಕೊಂಡ ತೀರ್ಮಾನಗಳನ್ನು ಬರೆದಿಡಲು ಇದು ಬೇಕೇ ಬೇಕು. ಬರೀ ಕೊನೆಯ ಉತ್ತರಗಳಿರುವ ಕೀ ಹಿಡಿದುಕೊಂಡು ಈ ಕೆಲಸ ಮಾಡಲು ಆಗುವುದಿಲ್ಲ.

ಮಾದರಿಗೆ ಒಂದು ಲೆಕ್ಕ ಇಟ್ಟುಕೊಳ್ಳೋಣ, ಕೊನೆಯವರೆಗೂ ಇದೇ ಲೆಕ್ಕ. 12 ವೋಲ್ಟ್ ಇಎಂಎಫ್, 1 ಓಮ್ ಆಂತರಿಕ ರೋಧ ಇರುವ ಬ್ಯಾಟರಿ. ಅದಕ್ಕೆ 2 ಓಮ್ ರೋಧಕ ಸರಣಿಯಲ್ಲಿ, ಆಮೇಲೆ 4 ಓಮ್ ಮತ್ತು 12 ಓಮ್ ರೋಧಕಗಳ ಸಮಾಂತರ ಜೋಡಣೆ. ಪ್ರಶ್ನೆಯ ಭಾಗಗಳು ಹೀಗಿವೆ:

1. ಹೊರಗಿನ ಸರ್ಕ್ಯೂಟ್‌ನ ಒಟ್ಟು ರೋಧ ಎಷ್ಟು? (2 ಅಂಕ)
2. ಬ್ಯಾಟರಿಯಿಂದ ಹರಿಯುವ ಕರೆಂಟ್ ಎಷ್ಟು? (2 ಅಂಕ)
3. ಬ್ಯಾಟರಿಯ ಟರ್ಮಿನಲ್ ವೋಲ್ಟೇಜ್ ಎಷ್ಟು? (1 ಅಂಕ)
4. 4 ಓಮ್ ರೋಧಕದಲ್ಲಿ ಹರಿಯುವ ಕರೆಂಟ್ ಎಷ್ಟು? (2 ಅಂಕ)
5. 4 ಓಮ್ ರೋಧಕದಲ್ಲಿ ವ್ಯಯವಾಗುವ ಪವರ್ ಎಷ್ಟು? (1 ಅಂಕ)

ಸರಿಯಾದ ಉತ್ತರಗಳು: ಸಮಾಂತರ ಜೋಡಣೆ 3 ಓಮ್, ಆದ್ದರಿಂದ ಹೊರಗಿನ ರೋಧ 5 ಓಮ್. ಕರೆಂಟ್ 2 ಆಂಪಿಯರ್, ಟರ್ಮಿನಲ್ ವೋಲ್ಟೇಜ್ 10 ವೋಲ್ಟ್, 4 ಓಮ್‌ನಲ್ಲಿ 1.5 ಆಂಪಿಯರ್, ಪವರ್ 9 ವ್ಯಾಟ್.

## ಹಂತ 1: ಯಾವ ಭಾಗ ಯಾವುದರ ಮೇಲೆ ನಿಂತಿದೆ ಅಂತ ಗುರುತಿಸಿ

ಮೊದಲ ಉತ್ತರ ಪತ್ರಿಕೆ ತೆರೆಯುವ ಮುಂಚೆಯೇ ಈ ಕೆಲಸ ಮುಗಿಯಬೇಕು. ಖಾಲಿ ಹಾಳೆಯಲ್ಲಿ ಭಾಗಗಳನ್ನು ಬರೆದು, ಹಿಂದಿನ ಉತ್ತರ ಬಳಸುವ ಕಡೆ ಬಾಣ ಹಾಕಿ. ನಮ್ಮ ಲೆಕ್ಕದಲ್ಲಿ 2ನೇ ಭಾಗಕ್ಕೆ 1ರ ಉತ್ತರ ಬೇಕು. 3ಕ್ಕೆ 2ರ ಉತ್ತರ ಬೇಕು. 4ಕ್ಕೆ 2ರ ಕರೆಂಟ್ ಬೇಕು, ಜೊತೆಗೆ 1ನೇ ಭಾಗದ ಒಳಗೆ ಸಿಕ್ಕ ಸಮಾಂತರ ರೋಧವೂ ಬೇಕಾಗಬಹುದು. 5ಕ್ಕೆ 4ರ ಉತ್ತರ ಬೇಕು.

ಆ "ಬೇಕಾಗಬಹುದು" ಅನ್ನುವಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. 4ನೇ ಭಾಗವನ್ನು ಬೇರೆ ಬೇರೆ ದಾರಿಯಲ್ಲಿ ಬಿಡಿಸಬಹುದು. ಕೆಲವು ದಾರಿಗೆ ಸಮಾಂತರ ರೋಧ ಬೇಕು, ಕೆಲವಕ್ಕೆ ಬೇಡ. ಮುಂದೆ ಹಂತ 5ರಲ್ಲಿ ಎಲ್ಲರೂ ಎಡವುವುದು ಇಲ್ಲೇ.

ಇನ್ನೊಂದು ವಿಷಯ ಈಗಲೇ ನೋಡಿ. ಪ್ರಶ್ನೆಯಲ್ಲಿ "ಕರೆಂಟ್ 2 ಆಂಪಿಯರ್ ಎಂದು ತೋರಿಸಿ" ಅಂತ ಇದೆಯಾ? ಇದ್ದರೆ ಅಲ್ಲಿಂದ ಮುಂದೆ ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ ವಿದ್ಯಾರ್ಥಿ ಬಳಸಬಹುದು, ತಪ್ಪು ಮುಂದೆ ಹರಿಯುವ ಪ್ರಮೇಯವೇ ಇಲ್ಲ. ಆದರೆ ಆ "ತೋರಿಸಿ" ಭಾಗದ ಕೊನೆಯ ಅಂಕಕ್ಕೆ ಕ್ಯಾರಿ-ಫಾರ್ವರ್ಡ್ ಕೊಡಬೇಡಿ. ಉತ್ತರ ಮೊದಲೇ ಕೊಟ್ಟಿದೆ, ಅವನ ಲೆಕ್ಕ ಅಲ್ಲಿಗೆ ಮುಟ್ಟಲಿಲ್ಲ ಅಂದರೆ ತೋರಿಸಿದಂತೆ ಆಗಲಿಲ್ಲ.

## ಹಂತ 2: ಅಂಕಗಳನ್ನು ವಿಧಾನ ಮತ್ತು ಉತ್ತರ ಅಂತ ಒಡೆಯಿರಿ

"2 ಅಂಕ" ಅಂತ ಸುಮ್ನೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ರೀತಿ ಹಂಚುತ್ತಾರೆ. ಪ್ರತಿ ಅಂಕ ಯಾವುದಕ್ಕೆ ಅಂತ ಬರೆಯಿರಿ. ನಮ್ಮ ಲೆಕ್ಕಕ್ಕೆ ಹೀಗೆ:

1ನೇ ಭಾಗ: ಸಮಾಂತರ ಸೂತ್ರದಲ್ಲಿ ಬೆಲೆ ಸರಿಯಾಗಿ ಹಾಕಿದ್ದಕ್ಕೆ 1, ಒಟ್ಟು 5 ಓಮ್ ಉತ್ತರಕ್ಕೆ 1. 2ನೇ ಭಾಗ: I = E/(R + r) ಬಳಸಿದ್ದಕ್ಕೆ 1, ಯೂನಿಟ್ ಸಮೇತ ಉತ್ತರಕ್ಕೆ 1. 3ನೇ ಭಾಗ: ಉತ್ತರಕ್ಕೆ 1. 4ನೇ ಭಾಗ: ಸರಿಯಾದ ವಿಧಾನಕ್ಕೆ 1, ಉತ್ತರಕ್ಕೆ 1. 5ನೇ ಭಾಗ: ಉತ್ತರಕ್ಕೆ 1.

ಕ್ಯಾರಿ-ಫಾರ್ವರ್ಡ್ ಅನ್ವಯವಾಗುವುದು ಉತ್ತರದ ಅಂಕಗಳಿಗೆ. ವಿಧಾನದ ಅಂಕಕ್ಕೆ ಅದರ ಅಗತ್ಯವಿಲ್ಲ, ವಿಧಾನ ಸರಿ ಇದ್ದರೆ ಸಂಖ್ಯೆ ಯಾವುದಾದರೂ ಅಂಕ ಸಿಗುತ್ತದೆ. ಆದ್ದರಿಂದ ಪ್ರತಿ ಉತ್ತರದ ಅಂಕದ ಪಕ್ಕದಲ್ಲಿ "1ರಿಂದ ಇಸಿಎಫ್", "2ರಿಂದ ಇಸಿಎಫ್" ಅಂತ ಈಗಲೇ ಬರೆದುಬಿಡಿ. 1ನೇ ಭಾಗದ ಉತ್ತರದ ಪಕ್ಕ ಏನೂ ಬರೆಯಬೇಡಿ. ಅದರ ಹಿಂದೆ ಯಾವ ಭಾಗವೂ ಇಲ್ಲ, ಅಲ್ಲಿ ತಪ್ಪಿದರೆ ಅಂಕ ಹೋಯಿತು.

## ಹಂತ 3: ಜಾರಿದ ಸಾಲನ್ನು ಹುಡುಕಿ, ಅಲ್ಲೇ ಅಂಕ ಕಳೆಯಿರಿ

ಈಗ ಒಂದು ಉತ್ತರ ಪತ್ರಿಕೆ. ವಿದ್ಯಾರ್ಥಿನಿ 1ನೇ ಭಾಗದಲ್ಲಿ ಹೀಗೆ ಬರೆದಿದ್ದಾಳೆ:

```
1/Rp = 1/4 + 1/12
     = (4 + 1)/12 = 5/12
Rp = 2.4 Ω
R  = 2 + 2.4 = 4.4 Ω
```

ಮೊದಲ ಸಾಲು ಸರಿ. ಎರಡನೇ ಸಾಲಿನಲ್ಲಿ 3 + 1 ಆಗಬೇಕಿತ್ತು, 4 + 1 ಆಗಿದೆ. ಭಿನ್ನರಾಶಿ ಕೂಡುವಾಗ ಆದ ತಪ್ಪು. ಸಮಾಂತರದ ಭೌತಶಾಸ್ತ್ರ ಅವಳಿಗೆ ಗೊತ್ತಿದೆ. ವಿಧಾನಕ್ಕೆ 1, ಉತ್ತರಕ್ಕೆ 0. ತಪ್ಪಾದ 4ರ ಕೆಳಗೆ ಗೆರೆ ಎಳೆಯಿರಿ. ಭಾಗದ ಕೊನೆಯಲ್ಲಿ ದೊಡ್ಡ ತಪ್ಪು ಗುರುತು ಹಾಕುವುದಕ್ಕಿಂತ ಇದು ಒಳ್ಳೆಯದು. ಮರು ಎಣಿಕೆ ಮಾಡುವವರಿಗೆ, ಪತ್ರಿಕೆ ವಾಪಸ್ ಪಡೆಯುವ ವಿದ್ಯಾರ್ಥಿನಿಗೆ, ಇಬ್ಬರಿಗೂ ಎಲ್ಲಿ ಜಾರಿತು ಅಂತ ಕಾಣುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಏನಂದರೆ, ಕೊನೆಯ ಉತ್ತರವನ್ನು ಮಾತ್ರ ನೋಡಿ "4.4, ತಪ್ಪು" ಅಂತ ಮುಂದೆ ಹೋಗುವುದು. ತಪ್ಪು ಯಾವ ಬಗೆಯದು ಅಂತ ಗೊತ್ತಾಗದಿದ್ದರೆ ಮುಂದೆ ಎಷ್ಟು ದೂರ ಅವಳ ಜೊತೆ ಹೋಗಬೇಕು ಅಂತಲೂ ಗೊತ್ತಾಗುವುದಿಲ್ಲ. 4 ಮತ್ತು 12ನ್ನು ನೇರವಾಗಿ ಕೂಡಿ 16 ಓಮ್ ಬರೆದವನದು ಬೇರೆ ಕತೆ, ಅದಕ್ಕೆ ಹಂತ 6ರಲ್ಲಿ ಬರುತ್ತೇನೆ.

ಭಾಗದಿಂದ ಭಾಗಕ್ಕೆ ಹೋಗುವಾಗ ಆಗುವ ಕಾಪಿ ತಪ್ಪನ್ನೂ ಗಮನಿಸಿ. 1ರಲ್ಲಿ 4.4 ಬರೆದು 2ರಲ್ಲಿ 4.0 ಹಾಕಿದರೆ ಅದು ಹೊಸ ತಪ್ಪು. ಅದಕ್ಕೆ 2ನೇ ಭಾಗದ ಉತ್ತರದ ಅಂಕ ಹೋಗುತ್ತದೆ. ಮುಂದಿನ ಭಾಗಗಳ ಲೆಕ್ಕ 4.0ರಿಂದ ಬಂದ ಕರೆಂಟ್‌ನಿಂದ ಶುರುವಾಗುತ್ತದೆ.

## ಹಂತ 4: ಅವಳ ಸಂಖ್ಯೆಯಿಂದ ನೀವೇ ಮುಂದಿನ ಲೆಕ್ಕ ಮಾಡಿ

ಅವಳ 4.4 ಓಮ್ ಹಿಡಿದು ಹೋಗೋಣ. ಕರೆಂಟ್ 12/(4.4 + 1), ಅಂದರೆ 2.22 ಆಂಪಿಯರ್. ಅವಳ ಪತ್ರಿಕೆಯಲ್ಲೂ 2.22 ಇದೆ. ಪೂರ್ತಿ 2 ಅಂಕ. ಟರ್ಮಿನಲ್ ವೋಲ್ಟೇಜ್ 12 − 2.22 × 1, ಅಂದರೆ 9.78 ವೋಲ್ಟ್. ಅವಳದೂ ಅದೇ. 1 ಅಂಕ.

ಸಮಾಂತರ ಜೋಡಣೆಯ ಮೇಲಿನ ವೋಲ್ಟೇಜ್ 2.22 × 2.4, ಅಂದರೆ 5.33 ವೋಲ್ಟ್. ಅದನ್ನು 4ರಿಂದ ಭಾಗಿಸಿ 1.33 ಆಂಪಿಯರ್ ತಂದಿದ್ದಾಳೆ. 2 ಅಂಕ. ಪವರ್, ಎರಡು ದಶಮಾಂಶಕ್ಕೆ ರೌಂಡ್ ಮಾಡದೆ, 1.333² × 4, ಅಂದರೆ 7.11 ವ್ಯಾಟ್. 1 ಅಂಕ.

ಒಟ್ಟು 8ಕ್ಕೆ 7. ಕೀ ಉತ್ತರದ ಜೊತೆ ಮಾತ್ರ ಹೋಲಿಸಿದ್ದರೆ 1, 2, 4ನೇ ಭಾಗಗಳಲ್ಲಿ ವಿಧಾನಕ್ಕೆ ಒಂದೊಂದು ಸಿಕ್ಕಿ 8ಕ್ಕೆ 3 ಬರುತ್ತಿತ್ತು. ಭಿನ್ನರಾಶಿಯ ಒಂದು ಅಂಕಿ ತಪ್ಪಿದ್ದಕ್ಕೆ 5 ಅಂಕ ಹೋಗುತ್ತಿತ್ತು. ಸರ್ಕ್ಯೂಟ್ ಅವಳಿಗೆ ಪೂರ್ತಿ ಅರ್ಥವಾಗಿದೆ ಅನ್ನುವುದು ಅಂಕದಲ್ಲಿ ಕಾಣುತ್ತಲೇ ಇರಲಿಲ್ಲ.

ಪ್ರತಿ ಪತ್ರಿಕೆಗೂ ಕ್ಯಾಲ್ಕುಲೇಟರ್ ಒತ್ತುತ್ತಾ ಕೂತರೆ ಸುಸ್ತಾಗುತ್ತದೆ. ಸುಸ್ತಾದಾಗಲೇ "ಸರಿ ಇರಬಹುದು" ಅಂತ ಅಂಕ ಹಾಕುವ ಅಭ್ಯಾಸ ಶುರುವಾಗುವುದು. ಅದಕ್ಕೆ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಸಾಕು:

```
A2: 2.4
B2: =12/(A2+2+1)
C2: =12-B2*1
D2: =B2*A2/4
E2: =B2*12/16
F2: =B2-B2*A2/12
G2: =D2^2*4
H2: =E2^2*4
I2: =F2^2*4
```

`A2`ರಲ್ಲಿ ವಿದ್ಯಾರ್ಥಿ ಬರೆದ ಸಮಾಂತರ ರೋಧ ಹಾಕಿ. `B2` ಕರೆಂಟ್, `C2` ಟರ್ಮಿನಲ್ ವೋಲ್ಟೇಜ್. `D2`, `E2`, `F2` ಮೂರೂ 4 ಓಮ್‌ನ ಕರೆಂಟ್, ಮೂರು ಬೇರೆ ದಾರಿಗಳಿಂದ. ಉಳಿದ ಮೂರು ಅವಕ್ಕೆ ತಕ್ಕ ಪವರ್. ಶೀಟ್ ಸರಿ ಇದೆಯಾ ಅಂತ ನೋಡಲು `A2`ರಲ್ಲಿ 3 ಹಾಕಿ. ಮೂರೂ ಕರೆಂಟ್ 1.5, ಮೂರೂ ಪವರ್ 9 ಬರಬೇಕು. ಬರದಿದ್ದರೆ ಫಾರ್ಮುಲಾದಲ್ಲಿ ಎಲ್ಲೋ ತಪ್ಪಿದೆ, ಸರಿಪಡಿಸದೆ ಮುಂದೆ ಹೋಗಬೇಡಿ.

ತಪ್ಪು 1ನೇ ಭಾಗದಲ್ಲಿ ಆಗದೆ 2ನೇ ಭಾಗದಲ್ಲಿ ಆಗಿದ್ದರೆ, ಸಾಲನ್ನು ಕೆಳಗೆ ಕಾಪಿ ಮಾಡಿ ಆ ಸಾಲಿನ B ಕೋಶದಲ್ಲಿ ಅವನ ಕರೆಂಟನ್ನೇ ನೇರವಾಗಿ ಟೈಪ್ ಮಾಡಿ. ಮೂಲ ಸಾಲನ್ನು ಮುಟ್ಟಬೇಡಿ. ಮುಟ್ಟಿದರೆ ಫಾರ್ಮುಲಾ ಅಳಿಸಿಹೋಗಿ ಮುಂದಿನ ಪತ್ರಿಕೆಗಳ ಲೆಕ್ಕವೆಲ್ಲ ತಪ್ಪುತ್ತದೆ.

ರೌಂಡಿಂಗ್ ಬಗ್ಗೆ ಒಂದು ಮಾತು. ವಿದ್ಯಾರ್ಥಿ 1.33ನ್ನು 1.3 ಅಂತ ಬರೆದು ಪವರ್ 6.76 ವ್ಯಾಟ್ ತಂದರೆ ನಿಮ್ಮ ಶೀಟ್‌ನ 7.11ಕ್ಕೂ ಅದಕ್ಕೂ ಸಾಕಷ್ಟು ದೂರ. ಆದರೂ ಅದು ಹೊಸ ತಪ್ಪಲ್ಲ. ಅವನು ಹಾಳೆಯ ಮೇಲೆ ಬರೆದ 1.3ರಿಂದ ಲೆಕ್ಕ ಮಾಡಿ ನೋಡಿ, 6.76 ಬರುತ್ತದೆ. ಹೋಲಿಕೆ ಯಾವಾಗಲೂ ಅವನು ಬರೆದ ಸಂಖ್ಯೆಯ ಜೊತೆಗೇ ಆಗಬೇಕು. ರೌಂಡಿಂಗ್‌ಗೆ ಅಂಕ ಕಳೆಯಬೇಕು ಅನ್ನಿಸಿದರೆ ಅದನ್ನು ಸ್ಕೀಮ್‌ನಲ್ಲಿ ಮೊದಲೇ ಬರೆಯಿರಿ, ಪತ್ರಿಕೆ ನೋಡುವಾಗ ಹುಟ್ಟಿಸಿಕೊಳ್ಳಬೇಡಿ.

## ಹಂತ 5: ದಾರಿ ಕವಲೊಡೆಯುವ ಕಡೆ ಅವನ ದಾರಿಯಲ್ಲೇ ಹೋಗಿ

ಜಾಸ್ತಿ ಜನ ಸೋಲುವುದು ಇಲ್ಲಿ. 4ನೇ ಭಾಗವನ್ನೇ ನೋಡಿ. ಅದೇ 2.4 ಓಮ್ ತಪ್ಪು ಮಾಡಿದ ಇನ್ನೊಬ್ಬ ವಿದ್ಯಾರ್ಥಿ ವೋಲ್ಟೇಜ್ ಲೆಕ್ಕ ಹಾಕಲಿಲ್ಲ. ಕರೆಂಟ್ ವಿಭಜನೆಯ ಸೂತ್ರ ಬಳಸಿದ: 2.22 × 12/(4 + 12). ಅವನಿಗೆ 1.67 ಆಂಪಿಯರ್ ಬಂತು. ಮೂರನೆಯವಳು ಮೊದಲು 12 ಓಮ್‌ನ ಕರೆಂಟ್ ಕಂಡುಹಿಡಿದಳು, 5.33/12, ಅಂದರೆ 0.44. ಅದನ್ನು ಒಟ್ಟು ಕರೆಂಟ್‌ನಿಂದ ಕಳೆದು 1.78 ಆಂಪಿಯರ್ ಬರೆದಳು.

ಒಂದೇ ತಪ್ಪು, ಮೂರು ಸರಿಯಾದ ವಿಧಾನ, ಮೂರು ಬೇರೆ ಉತ್ತರ: 1.33, 1.67, 1.78. ಮೂವರಿಗೂ ಪೂರ್ತಿ 2 ಅಂಕ ಸಿಗಬೇಕು. 5ನೇ ಭಾಗದಲ್ಲಿ, ಕರೆಂಟನ್ನು ರೌಂಡ್ ಮಾಡದೆ ಬಳಸಿದರೆ, ಅವರ ಪವರ್ 7.11, 11.1, 12.6 ವ್ಯಾಟ್ ಆಗುತ್ತದೆ. ಅಲ್ಲೂ ಮೂವರಿಗೂ ಅಂಕ.

ಹೀಗೇಕೆ ಆಗುತ್ತದೆ? ಸರಿಯಾದ 3 ಓಮ್ ಇದ್ದಾಗ ಮೂರು ದಾರಿಯೂ 1.5ಕ್ಕೆ ಸೇರುತ್ತವೆ, ಯಾಕಂದರೆ ಆ 3 ಓಮ್ 4 ಮತ್ತು 12ಕ್ಕೆ ಹೊಂದುವ ಸಂಖ್ಯೆ. 2.4 ಅವೆರಡಕ್ಕೆ ಹೊಂದುವುದಿಲ್ಲ. ವೋಲ್ಟೇಜ್ ದಾರಿ ತಪ್ಪು 2.4ನ್ನೂ ಪ್ರಶ್ನೆಯಲ್ಲಿ ಕೊಟ್ಟ 4ನ್ನೂ ಒಟ್ಟಿಗೆ ಬಳಸುತ್ತದೆ. ವಿಭಜನೆಯ ದಾರಿಯಲ್ಲಿ ಅನುಪಾತ ಪೂರ್ತಿ ಪ್ರಶ್ನೆಯ ಬೆಲೆಗಳಿಂದಲೇ ಬರುತ್ತದೆ, 2.4ರ ಪ್ರಭಾವ ಒಟ್ಟು ಕರೆಂಟ್ ಮೂಲಕ ಮಾತ್ರ. ಒಳಗೇ ವಿರೋಧ ಇರುವ ಸಂಖ್ಯೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಬಳಸಿದರೆ ಬೇರೆ ಬೇರೆ ಉತ್ತರ ಬರುವುದು ಸಹಜ.

3ನೇ ಭಾಗದಲ್ಲಿ ಈ ತೊಂದರೆ ಇಲ್ಲ, ಗಮನಿಸಿ. 12 − 2.22 × 1 ಮಾಡಿದರೂ 9.78, ರೌಂಡ್ ಮಾಡದೆ 2.222 × 4.4 ಮಾಡಿದರೂ 9.78. ಯಾಕಂದರೆ ಅಲ್ಲಿ ಎರಡೂ ದಾರಿ ಅದೇ 4.4ರಿಂದ ಬಂದ ಕರೆಂಟನ್ನೇ ಬಳಸುತ್ತವೆ, ಮೂಲ 4 ಓಮ್ ಮತ್ತು 12 ಓಮ್ ಕಡೆಗೆ ತಿರುಗುವುದೇ ಇಲ್ಲ. ಕವಲು ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಬೇಕಾದರೆ ಇದನ್ನು ನೋಡಿ: ಮುಂದಿನ ಭಾಗವೊಂದು ಹಿಂದಿನ ಉತ್ತರ ಬಿಟ್ಟು, ಆ ತಪ್ಪು ಸಂಖ್ಯೆ ಹುಟ್ಟಿದ ಮೂಲ ಬೆಲೆಗಳಿಗೆ ವಾಪಸ್ ಹೋಗುತ್ತದಾ? ಹೋದರೆ ಅಲ್ಲಿ ಒಂದಕ್ಕಿಂತ ಜಾಸ್ತಿ ಇಸಿಎಫ್ ಉತ್ತರ ಇರಬಹುದು.

ಅದಕ್ಕೇ "4.4 ಬಂದರೆ 1.33 ಒಪ್ಪಿ" ಅಂತ ಸ್ಕೀಮ್‌ನಲ್ಲಿ ಬರೆಯಬಾರದು. ಹಾಗೆ ಬರೆದರೆ ವಿಭಜನೆಯ ಸೂತ್ರ ಬಳಸಿದ ಹುಡುಗನ ಅಂಕ ಅನ್ಯಾಯವಾಗಿ ಹೋಗುತ್ತದೆ. "ವಿದ್ಯಾರ್ಥಿಯ ವಿಧಾನದಲ್ಲಿ ಅವರ ಬೆಲೆ ಹಾಕಿ ಬಂದ ಉತ್ತರ ಒಪ್ಪಿ" ಅಂತ ಬರೆದು, ಪಕ್ಕದಲ್ಲಿ ನಿಮಗೆ ತೋಚಿದ ದಾರಿಗಳ ಬೆಲೆ ಕೊಡಿ.

ವಿಧಾನವನ್ನೇ ಬರೆಯದೆ ಬರೀ ಉತ್ತರ ಇಟ್ಟವರನ್ನು ಏನು ಮಾಡುವುದು? ಮೂರು ಬೆಲೆಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದಿದರೆ ಆ ದಾರಿಯಲ್ಲೇ ಬಂದಿದ್ದಾನೆ ಅಂತ ಒಪ್ಪಿ ಅಂಕ ಕೊಡುವುದು ನ್ಯಾಯ. 1.67 ಅನ್ನುವ ಸಂಖ್ಯೆ 2.22ರಿಂದ ಸುಮ್ನೆ ಹುಟ್ಟುವುದಿಲ್ಲ. ಯಾವುದಕ್ಕೂ ಹೊಂದದಿದ್ದರೆ ಅಂಕ ಇಲ್ಲ. ವಿಧಾನ ತೋರಿಸದವನಿಗೆ ಆಗುವ ನಿಜವಾದ ನಷ್ಟ ಇದು, ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಇದನ್ನು ಹೇಳಲೇಬೇಕು.

## ಹಂತ 6: ಎಲ್ಲಿ ನಿಲ್ಲಿಸಬೇಕು ಅಂತ ತಿಳಿದುಕೊಳ್ಳಿ

ಭೌತಶಾಸ್ತ್ರವೇ ತಪ್ಪಿದಾಗ. 4 ಮತ್ತು 12ನ್ನು ಕೂಡಿ 16 ಓಮ್ ಬರೆದವನಿಗೆ 1ನೇ ಭಾಗದಲ್ಲಿ ಎರಡೂ ಅಂಕ ಇಲ್ಲ. ಆ ಭಾಗದ ಒಳಗೆ ಇಸಿಎಫ್ ಕೊಡಬೇಡಿ. 16 + 2 = 18 ಅಂತ ಸರಿಯಾಗಿ ಕೂಡಿದ್ದಕ್ಕೆ ಅಂಕ ಹುಡುಕಬೇಡಿ. ಆದರೆ 2ನೇ ಭಾಗ ಪರೀಕ್ಷಿಸುವುದು ಬೇರೆ ವಿಷಯವನ್ನು: ಆಂತರಿಕ ರೋಧ ಸೇರಿಸಿ ಕರೆಂಟ್ ಕಂಡುಹಿಡಿಯುವುದು. 12/19, ಅಂದರೆ 0.63 ಆಂಪಿಯರ್ ಬರೆದರೆ ಅಲ್ಲಿ ಪೂರ್ತಿ 2 ಅಂಕ ಕೊಡಿ. ಒಂದು ಭಾಗದಲ್ಲಿ ಗೊತ್ತಿಲ್ಲ ಅಂತ ಇನ್ನೊಂದು ಭಾಗದಲ್ಲಿ ಗೊತ್ತಿರುವುದನ್ನು ಕಸಿದುಕೊಳ್ಳಬಾರದು.

ತಪ್ಪಿನಿಂದ ಮುಂದಿನ ಭಾಗ ಹಗುರವಾದಾಗ. 2ನೇ ಭಾಗದಲ್ಲಿ ಆಂತರಿಕ ರೋಧವನ್ನೇ ಮರೆತ ವಿದ್ಯಾರ್ಥಿಗೆ ಕರೆಂಟ್ 12/5, ಅಂದರೆ 2.4 ಆಂಪಿಯರ್ ಬರುತ್ತದೆ. 3ನೇ ಭಾಗದಲ್ಲಿ ಅವನು 2.4 × 5 = 12 ವೋಲ್ಟ್ ಅಂತ ಬರೆದ. ಲೆಕ್ಕ ಸರಿ, ಆದರೆ ಈ ಭಾಗ ಕೇಳಿದ್ದೇ ಬ್ಯಾಟರಿಯ ಒಳಗೆ ಎಷ್ಟು ವೋಲ್ಟ್ ಕಡಿಮೆಯಾಗುತ್ತದೆ ಅನ್ನುವುದನ್ನು. ಆ ವಿಚಾರ ಅವನ ಉತ್ತರದಲ್ಲಿ ಎಲ್ಲೂ ಇಲ್ಲ. ಅಂಕ ಇಲ್ಲ. ಅದೇ ವಿದ್ಯಾರ್ಥಿ 12 − 2.4 × 1 = 9.6 ವೋಲ್ಟ್ ಅಂತ ಬರೆದಿದ್ದರೆ ಅಂಕ ಕೊಡಿ. ಆಂತರಿಕ ರೋಧ ಅವನಿಗೆ ತಡವಾಗಿ ನೆನಪಾಗಿದೆ, ಆದರೆ ಈ ಭಾಗಕ್ಕೆ ಬೇಕಾದದ್ದನ್ನು ತೋರಿಸಿದ್ದಾನೆ.

ಅಸಾಧ್ಯ ಉತ್ತರ ಬಂದಾಗ. ಒಬ್ಬ (1 + 1)/12 ಅಂತ ಬರೆದು 6 ಓಮ್ ತಂದ ಅಂದುಕೊಳ್ಳಿ. ಸಮಾಂತರ ಜೋಡಣೆಯ ರೋಧ ಅದರಲ್ಲಿರುವ ಚಿಕ್ಕ ರೋಧಕ್ಕಿಂತ ಕಡಿಮೆ ಇರಲೇಬೇಕು, 4 ಓಮ್ ಇರುವಾಗ 6 ಬರಲು ಸಾಧ್ಯವೇ ಇಲ್ಲ. ಮುಂದೆ ಒಟ್ಟು ಕರೆಂಟ್ 12/9, ಅಂದರೆ 1.33 ಆಂಪಿಯರ್. ವೋಲ್ಟೇಜ್ ದಾರಿಯಲ್ಲಿ ಹೋದರೆ 4 ಓಮ್‌ನ ಕರೆಂಟ್ 8/4, ಅಂದರೆ 2 ಆಂಪಿಯರ್. ಒಂದು ಕವಲಿನ ಕರೆಂಟ್ ಒಟ್ಟು ಕರೆಂಟ್‌ಗಿಂತ ಜಾಸ್ತಿ!

ಇಲ್ಲಿ ಶಿಕ್ಷಕರಲ್ಲಿ ಭಿನ್ನಾಭಿಪ್ರಾಯ ಇದೆ. ಐಬಿಯ ಗಣಿತ ಮಾರ್ಕ್ ಸ್ಕೀಮ್‌ಗಳಲ್ಲಿ, ತಪ್ಪಿನಿಂದ sin θ = 1.5 ಥರದ ಒಪ್ಪಲಾಗದ ಬೆಲೆ ಬಂದರೆ ಕೊನೆಯ ಉತ್ತರದ ಅಂಕ ಕೊಡುವುದಿಲ್ಲ. ನನ್ನ ಅಭಿಪ್ರಾಯ ಹೀಗೆ: ಒಂದೇ ಸಂಖ್ಯೆ ನೋಡಿದ ಕೂಡಲೇ ಅಸಾಧ್ಯ ಅಂತ ಗೊತ್ತಾಗುವ ಉತ್ತರವಿದ್ದರೆ, ಉದಾಹರಣೆಗೆ ದಕ್ಷತೆ 130 ಪ್ರತಿಶತ, ಬೆಳಕಿಗಿಂತ ಜಾಸ್ತಿ ವೇಗ, ಆ ಅಂಕ ಕೊಡಬಾರದು. ಅಂಥ ಉತ್ತರ ಬರೆದು ಸುಮ್ಮನೆ ಮುಂದೆ ಹೋದವನು ತಾನು ಏನು ಬರೆದೆ ಅಂತ ನೋಡಿಲ್ಲ. 2 ಆಂಪಿಯರ್ ಅಂಥದ್ದಲ್ಲ. ಅದು ಅಸಾಧ್ಯ ಅಂತ ಗೊತ್ತಾಗಲು ಹಿಂದಿನ ಭಾಗದ ಜೊತೆ ಹೋಲಿಸಬೇಕು, ಪ್ರಶ್ನೆ ಅದನ್ನು ಕೇಳಿಲ್ಲ. ಆದ್ದರಿಂದ ಅಂಕ ಕೊಟ್ಟು, ಪಕ್ಕದಲ್ಲಿ "ಒಟ್ಟು ಕರೆಂಟ್‌ಗಿಂತ ಜಾಸ್ತಿ?" ಅಂತ ಬರೆಯುತ್ತೇನೆ. ವಿದ್ಯಾರ್ಥಿಯೇ "ಈ ಉತ್ತರ ಸರಿಯಿಲ್ಲ, ಎಲ್ಲೋ ತಪ್ಪಾಗಿದೆ" ಅಂತ ಬರೆದಿದ್ದರೆ, ಯಾವ ಭಾಗದಲ್ಲಾದರೂ ಸರಿ, ಇಸಿಎಫ್ ಅಂಕವನ್ನು ಧಾರಾಳವಾಗಿ ಕೊಡಿ. ನಿಮ್ಮ ಕಾಲೇಜು ಬೇರೆ ನಿಯಮ ಇಟ್ಟುಕೊಂಡರೂ ಪರವಾಗಿಲ್ಲ, ಆದರೆ ಎಲ್ಲ ಪತ್ರಿಕೆಗೂ ಒಂದೇ ಇರಲಿ.

## ಹಂತ 7: ಎಚ್ಚರಿಕೆಯ ಗುರುತುಗಳು

ತಪ್ಪು ಸಂಖ್ಯೆಯಿಂದ ಸರಿ ಉತ್ತರ. 1ನೇ ಭಾಗದಲ್ಲಿ 4.4, 4ನೇ ಭಾಗದಲ್ಲಿ 1.5 ಆಂಪಿಯರ್. ಇಲ್ಲಿ ನಿಲ್ಲಿ. ಅವಳು 4ನೇ ಭಾಗದಲ್ಲಿ ಹೊಸದಾಗಿ 3 ಓಮ್ ಲೆಕ್ಕ ಹಾಕಿ ಶುರುಮಾಡಿದ್ದರೆ ಪೂರ್ತಿ ಅಂಕ, ಅದರಲ್ಲಿ ಅನುಮಾನವಿಲ್ಲ. ಆದರೆ ಹಾಳೆಯ ಮೇಲೆ 5.33/4 = 1.5 ಅಂತ ಇದ್ದರೆ ವಿಧಾನದ ಅಂಕ ಮಾತ್ರ. ಆ ಸಾಲಿನಿಂದ ಆ ಉತ್ತರ ಬರುವುದಿಲ್ಲ. ಕೀ ಉತ್ತರಕ್ಕೆ ಹೊಂದುತ್ತದೆ ಅಂತ ಕಣ್ಣು ಮುಚ್ಚಿ ಸರಿ ಹಾಕುವುದು ಇಲ್ಲಿ ಬಹಳ ಸುಲಭ.

ಸರಿ ಉತ್ತರದ ಹತ್ತಿರ ಬಂದ ಉತ್ತರ. 5.33/4 ಮಾಡುವಾಗ 1.33 ಬದಲು 1.53 ಬರೆದವನನ್ನು ನೋಡಿ. ಇದು ಎರಡನೇ ತಪ್ಪು, 4ನೇ ಭಾಗದ ಉತ್ತರದ ಅಂಕ ಹೋಯಿತು. 5ನೇ ಭಾಗದಲ್ಲಿ ಅವನ ಪವರ್ 1.53² × 4, ಅಂದರೆ 9.36 ವ್ಯಾಟ್. ಅಲ್ಲಿ ಅಂಕ ಸಿಗುತ್ತದೆ. ಆದರೆ 9ಕ್ಕೆ ಹತ್ತಿರ ಇದೆ ಅಂತ ಅಲ್ಲ, ಅವನದೇ 1.53ರಿಂದ ಸರಿಯಾಗಿ ಬಂದಿದೆ ಅಂತ. ಕಾರಣ ತಪ್ಪಿದರೆ ಮುಂದಿನ ಪತ್ರಿಕೆಯಲ್ಲಿ ಅಂಕವೂ ತಪ್ಪುತ್ತದೆ.

ತುಂಬಾ ಜನರಲ್ಲಿ ಒಂದೇ ತಪ್ಪು ಸಂಖ್ಯೆ. ಹಲವು ಪತ್ರಿಕೆಗಳಲ್ಲಿ ಒಂದೇ 4.4 ಕಂಡರೆ ಮೊದಲು ನಿಮ್ಮ ಪ್ರಶ್ನೆ ಪತ್ರಿಕೆ ನೋಡಿ. ಮುದ್ರಣದಲ್ಲಿ ಬೆಲೆ ತಪ್ಪಿರಬಹುದು, ಚಿತ್ರ ಬೇರೆ ಅರ್ಥ ಕೊಟ್ಟಿರಬಹುದು. ಹಾಗಿದ್ದರೆ ಅದು ಕ್ಯಾರಿ-ಫಾರ್ವರ್ಡ್ ವಿಷಯವೇ ಅಲ್ಲ, ಸ್ಕೀಮ್ ತಿದ್ದಬೇಕು.

## ಹಂತ 8: ಗುರುತು ಹಾಕಿ, ಹಿಂದಕ್ಕೆ ಹೋಗಿ

ಇಸಿಎಫ್ ಕೊಟ್ಟ ಪ್ರತಿ ಅಂಕದ ಪಕ್ಕ "ಇಸಿಎಫ್" ಅಂತ ಬರೆಯಿರಿ. ಐಬಿ ಪರೀಕ್ಷಕರಿಗೂ ಹೀಗೆ ಗುರುತಿಸಲು ಹೇಳಿರುತ್ತಾರೆ. ಬರೆಯದೆ ಬಿಟ್ಟರೆ, ಮರು ಎಣಿಕೆಗೆ ಬಂದವರು ಕೀ ಜೊತೆ ಹೊಂದದ 7.11ಕ್ಕೆ ಅಂಕ ಕಂಡು "ಇದು ತಪ್ಪಿ ಹಾಕಿದ್ದು" ಅಂತ ಕತ್ತರಿಸಬಹುದು.

ಇಬ್ಬರು ಒಂದೇ ಪ್ರಶ್ನೆ ನೋಡುತ್ತಿದ್ದರೆ, ಶುರುಮಾಡುವ ಮುಂಚೆ ತಪ್ಪು ಇರುವ ಕೆಲವು ಪತ್ರಿಕೆಗಳನ್ನು ಇಬ್ಬರೂ ಬೇರೆ ಬೇರೆ ನೋಡಿ, ಅಂಕ ಹೋಲಿಸಿ. 4ನೇ ಭಾಗದಲ್ಲಿ ವ್ಯತ್ಯಾಸ ಬಂದರೆ ಬಹುಮಟ್ಟಿಗೆ ಒಬ್ಬರು ಒಂದೇ ದಾರಿಯ ಬೆಲೆ ಹಿಡಿದು ಕೂತಿದ್ದಾರೆ ಅಂತ ಅರ್ಥ.

ಎಷ್ಟೇ ತಯಾರಿ ಮಾಡಿದರೂ ನಿಮಗೆ ಹೊಳೆಯದ ದಾರಿಯೊಂದು ಮಧ್ಯದಲ್ಲಿ ಸಿಗುತ್ತದೆ. ಉದಾಹರಣೆಗೆ ಟರ್ಮಿನಲ್ ವೋಲ್ಟೇಜ್‌ನಿಂದ 2 ಓಮ್‌ನ ಮೇಲಿನ ವೋಲ್ಟೇಜ್ ಕಳೆದು 4 ಓಮ್‌ಗೆ ಬರುವವರು ಇರುತ್ತಾರೆ: 9.78 − 4.44, ಅಂದರೆ ಮತ್ತೆ 5.33ರ ಆಸುಪಾಸು. ಈ ದಾರಿ ಮೊದಲಿನದಕ್ಕೇ ಸೇರಿತು, ತೊಂದರೆ ಇಲ್ಲ. ಆದರೆ ಬೇರೆ ಬೆಲೆ ಕೊಡುವ ದಾರಿ ಸಿಕ್ಕರೆ ಅದನ್ನು ಖಾಲಿ ಹಾಳೆಯಲ್ಲಿ ಬರೆದು, ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕೋಶ ಸೇರಿಸಿ. ಆಮೇಲೆ ಆಗಲೇ ಮುಗಿಸಿದ ಕಟ್ಟಿನಿಂದ 4ನೇ ಭಾಗದಲ್ಲಿ ಉತ್ತರದ ಅಂಕ ಕಳೆದ ಪತ್ರಿಕೆಗಳನ್ನು ಮಾತ್ರ ಹೊರಗೆ ತೆಗೆದು, ಆ ದಾರಿ ಹಿಡಿದವರು ಅಲ್ಲಿ ಯಾರಾದರೂ ಇದ್ದಾರಾ ಅಂತ ಮತ್ತೊಮ್ಮೆ ನೋಡಿ. ಅಂಕಪಟ್ಟಿಗೆ ಏರಿಸುವುದು ಅದಾದ ಮೇಲೆ.